ಒಳಗಿನ ಅಂಚು

ಗುಬ್ಬಚ್ಚಿಗೆ ಹುಟ್ಟಿದಾಗಿನಿಂದ ಕಣ್ಣು ಕಾಣಿಸದು. ಆ ಹೆಸರಿಟ್ಟವಳು ಚಿಕ್ಕಮ್ಮ. ಕೂತಲ್ಲಿ ಕೂರದ, ಒಂದು ಗಳಿಗೆ ಬಾಯಿ ಮುಚ್ಚದ ಮಗುವಿಗೆ ಬೇರೆ ಹೆಸರು ಒಪ್ಪುತ್ತಲೂ ಇರಲಿಲ್ಲ. ತಾಯಿ ತೀರಿಕೊಂಡ ಮೇಲೆ ಅವಳು ಬೆಳೆದದ್ದು ಚಿಕ್ಕಮ್ಮನ ಹಾಸಿಗೆ ಅಂಗಡಿಯಲ್ಲಿ. ಹಿಂಜಿದ ಹತ್ತಿಯ ಗುಡ್ಡೆಗಳ ನಡುವೆ ಆಡಿಕೊಂಡು, ಸೂಜಿಗೆ ನಾಲಿಗೆಯ ತುದಿಯಿಂದ ದಾರ ಪೋಣಿಸಲು ಕಲಿತು, ಕೊನೆಗೆ ಒಂದು ಚಿಟಿಕೆ ಹತ್ತಿಯನ್ನು ಬೆರಳಲ್ಲಿ ಉಜ್ಜಿ ಅದು ಹೊಸದೋ ಹಳೆಯ ದಿಂಬಿನಿಂದ ಬಿಚ್ಚಿದ್ದೋ ಎಂದು ಹೇಳುವಷ್ಟಾಗಿದ್ದಳು. ಅಂಗಡಿಯನ್ನೇ ನೋಡಿಕೊಂಡಿರಲಿ ಎಂದು ಚಿಕ್ಕಮ್ಮನ ಆಸೆ. ಗುಬ್ಬಚ್ಚಿ ಹಟ ಹಿಡಿದು ಫಿಸಿಯೋಥೆರಪಿ ಕಾಲೇಜಿಗೆ ಸೇರಿದಳು.

ಮೂಳೆ, ಮಾಂಸಖಂಡಗಳ ಪಾಠ ಅವಳಿಗೆ ನೀರು ಕುಡಿದಷ್ಟು ಸುಲಭವಾಯಿತು. ಮಣಿಕಟ್ಟಿನ ಎಂಟು ಪುಟಾಣಿ ಮೂಳೆಗಳನ್ನು ಜೇಬಿನಲ್ಲಿಟ್ಟುಕೊಂಡು ಬಸ್ಸಿನಲ್ಲಿ ತಡವುತ್ತಾ ಬಾಯಿಪಾಠ ಮಾಡಿದಳು. ಕಷ್ಟ ಬಂದದ್ದು ಹಿಸ್ಟಾಲಜಿಯಲ್ಲಿ. ಅಂಗಾಂಶಗಳನ್ನು ತೆಳ್ಳಗೆ ಕೊಯ್ದು, ಬಣ್ಣ ಹಚ್ಚಿ, ಗಾಜಿನ ಪಟ್ಟಿಯ ಮೇಲಿಟ್ಟು ಸೂಕ್ಷ್ಮದರ್ಶಕದಲ್ಲಿ ನೋಡುವ ವಿಷಯ ಅದು. ಉದ್ದನೆಯ ಕೋಣೆ, ಸಾಲಾಗಿ ಸೂಕ್ಷ್ಮದರ್ಶಕಗಳು, ಪ್ರತಿಯೊಂದರ ಮುಂದೆಯೂ ಒಂದು ಬಗ್ಗಿದ ತಲೆ. ಗುಬ್ಬಚ್ಚಿ ಮಾತ್ರ ಬೆನ್ನು ನೆಟ್ಟಗೆ ಮಾಡಿಕೊಂಡು, ಕೈಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿರುತ್ತಿದ್ದಳು.

ವಿಭಾಗದ ಮುಖ್ಯಸ್ಥರು ಒಳ್ಳೆಯವರೇ. ಅವಳನ್ನು ಕರೆಸಿ ಮೆತ್ತಗೆ ಹೇಳಿದರು. "ನೋಡಮ್ಮ, ಸ್ಲೈಡ್ ಪರೀಕ್ಷೆಯಿಂದ ನಿನಗೆ ವಿನಾಯಿತಿ ಕೊಡಿಸ್ತೀನಿ. ಸುಮ್ನೆ ತೊಂದರೆ ಕೊಡೋದು ನಮಗೂ ಇಷ್ಟ ಇಲ್ಲ."

"ತೊಂದರೆ ಕೊಡಿ ಸರ್," ಎಂದಳು ಗುಬ್ಬಚ್ಚಿ. "ನಾಳೆ ನನ್ನ ಹತ್ರ ಬರೋರು ನರಕ್ಕೆ ಪೆಟ್ಟು ಬಿದ್ದೋರು. ಕೈ ಆಡದವರು, ಕಾಲು ಮರಗಟ್ಟಿದೋರು. ನರದ ಒಳಗೇನಿದೆ ಅಂತಾನೇ ತಿಳೀದೆ ನಾನು ಅವರನ್ನ ಯಾವ ಧೈರ್ಯದಲ್ಲಿ ಮುಟ್ಲಿ?"

ಮುಖ್ಯಸ್ಥರು ಪಕ್ಕದಲ್ಲಿ ಕೂತಿದ್ದ ಹಿಸ್ಟಾಲಜಿ ಅಧ್ಯಾಪಕಿಯತ್ತ ತಿರುಗಿದರು. ಹುಡುಗರೆಲ್ಲ ಅವರನ್ನು ಸ್ಲೈಡ್ ಮೇಡಂ ಎನ್ನುತ್ತಿದ್ದರು. ಮೇಡಂ ಗಂಟಲು ಸರಿಮಾಡಿಕೊಂಡು, "ನೋಡೋಣ ಸರ್," ಎಂದುಬಿಟ್ಟರು. ಅಂದ ಮರುಕ್ಷಣವೇ ನಾಲಿಗೆ ಕಚ್ಚಿಕೊಂಡರು.

ಗುಬ್ಬಚ್ಚಿ ನಕ್ಕಳು. "ನೀವು ನೋಡಿ ಮೇಡಂ. ನಾನು ಮುಟ್ತೀನಿ."

ಮರುದಿನ ಮೇಡಂ ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ತಮಗೆ ಪ್ರಾಣವಾಗಿದ್ದ ಸ್ಲೈಡನ್ನು ಮಾತಿನಲ್ಲಿ ಬಿಡಿಸಿಡಲು ಹೊರಟರು. ಅಡ್ಡಲಾಗಿ ಕೊಯ್ದ ಒಂದು ನರ. ಕೊಬ್ಬಿಗೆ ಕಪ್ಪು ಹಿಡಿಸುವ ಬಣ್ಣದಲ್ಲಿ ಅದ್ದಿದ್ದರಿಂದ ಪ್ರತಿ ನರತಂತುವಿನ ಸುತ್ತಲೂ ಇರುವ ಮೈಲಿನ್ ಕವಚ ಕಪ್ಪು ಉಂಗುರದಂತೆ ಎದ್ದು ಕಾಣುತ್ತಿತ್ತು.

"ಸಾವಿರಾರು ಕಪ್ಪು ಉಂಗುರಗಳು ಕಣೇ. ನೋಡೋಕೆ ಎಷ್ಟು ಚೆಂದ ಅಂತೀಯ!"

"ಉಂಗುರ ಅಂದ್ರೆ ಬಳೆ ಥರಾನಾ, ಕೊಳವೆ ಥರಾನಾ? ಅದು ಒಂದೇ ದಪ್ಪ ತೊಗಟೆನಾ, ಪದರ ಪದರಾನಾ? ಕಪ್ಪು ಅನ್ನೋದು ಕೈಗೆ ಹೇಗಿರುತ್ತೆ ಮೇಡಂ?"

ಎಷ್ಟೋ ವರ್ಷಗಳಿಂದ ಮೇಡಂ ಮಕ್ಕಳಿಗೆ ನೋಡಲು ಹೇಳಿದ್ದರೇ ಹೊರತು ಅದು ಏನಾಗಿದೆ, ಹೇಗಾಗಿದೆ ಎಂದು ಕಟ್ಟಿ ತೋರಿಸಬೇಕಾಗಿ ಬಂದಿರಲಿಲ್ಲ. ಸಂಜೆ ಮನೆಗೆ ಹೋಗುವಾಗ ಆ ಪ್ರಶ್ನೆಗಳೂ ಅವರ ಜೊತೆ ನಡೆದುಕೊಂಡು ಹೋದವು. ಭಾನುವಾರ ಮಧ್ಯಾಹ್ನ ಅವರು ಹಾಸಿಗೆ ಅಂಗಡಿಯ ಮುಂದೆ ನಿಂತಿದ್ದರು.

ಚಿಕ್ಕಮ್ಮ ಗಾಬರಿಯಾದಳು. "ಏನಾಯ್ತು ಮೇಡಂ? ಇವಳೇನಾದ್ರೂ ಕಿತಾಪತಿ ಮಾಡಿದ್ಲಾ?"

"ಇಲ್ಲಮ್ಮ. ನಿಮ್ಮ ಅಂಗಡೀಲಿ ಒಂದು ನರ ಹೊಲೀಬೇಕು."

"ಏನ್ ಹೊಲೀಬೇಕು?"

"ನರ. ತೋಳಷ್ಟು ದಪ್ಪ, ಮಂಚದಷ್ಟು ಉದ್ದ."

ಚಿಕ್ಕಮ್ಮ ಸೊಂಟದ ಮೇಲೆ ಕೈಯಿಟ್ಟು ಮೇಡಂ ಮುಖವನ್ನೂ ಗುಬ್ಬಚ್ಚಿಯ ಮುಖವನ್ನೂ ನೋಡಿದಳು. ಆಮೇಲೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜಿನ ಮೇಲಿದ್ದ ಸಾಮಾನನ್ನೆಲ್ಲ ಒಂದೇ ಸಲಕ್ಕೆ ಪಕ್ಕಕ್ಕೆ ತಳ್ಳಿದಳು. "ರಜಾಯಿ ಹೊಲಿದಿದ್ದೀನಿ, ದಿಂಬು ಹೊಲಿದಿದ್ದೀನಿ. ನರಾನೂ ಒಂದು ಕೈ ನೋಡೇಬಿಡೋಣ."

ಮೇಡಂ ಒಳಗಿನಿಂದ ಶುರುಮಾಡಿದರು. ನರಕೋಶದಿಂದ ಹೊರಟು ಉದ್ದಕ್ಕೂ ಹೋಗುವ ಎಳೆಗೆ ಬಟ್ಟೆ ಒಣಹಾಕುವ ಪ್ಲಾಸ್ಟಿಕ್ ಹಗ್ಗ. "ಸಂದೇಶ ಹೋಗೋದು ಇದರಲ್ಲಿ. ಇದರ ಸುತ್ತ ಶ್ವಾನ್ ಕೋಶ ಅನ್ನೋದು ಸುತ್ತಿಕೊಳ್ಳುತ್ತೆ. ಆ ಸುತ್ತುಗಳೇ ಮೈಲಿನ್."

ಚಿಕ್ಕಮ್ಮನ ಕತ್ತರಿ ನಿಂತಿತು. "ಶ್ವಾನ ಅಂದ್ರೆ ನಾಯಿ ಅಲ್ವಾ? ನರದೊಳಗೆ ನಾಯಿ ಯಾಕೆ ಸುತ್ತುತ್ತೆ?"

"ಚಿಕ್ಕಮ್ಮಾ! ಅದು ಕಂಡುಹಿಡಿದವರ ಹೆಸರು."

"ಇರಲಿ ಬಿಡು. ಮಲಗೋ ಮುಂಚೆ ನಾಯೀನೂ ಹೀಗೇ ಸುತ್ತೋದು."

ಒಂದು ಶ್ವಾನ್ ಕೋಶ ಇಡೀ ತಂತುವನ್ನು ಮುಚ್ಚುವುದಿಲ್ಲ, ಒಂದಿಷ್ಟು ಉದ್ದವನ್ನಷ್ಟೇ ಸುತ್ತುತ್ತದೆ, ಅದು ಮುಗಿದ ಕಡೆ ಒಂದು ಚಿಕ್ಕ ಸಂದಿ, ಆಮೇಲೆ ಮುಂದಿನ ಕೋಶ ಎಂದು ಮೇಡಂ ವಿವರಿಸಿದರು. ಸಂದೇಶ ಒಂದು ಸಂದಿಯಿಂದ ಇನ್ನೊಂದಕ್ಕೆ ಜಿಗಿಯುವುದರಿಂದಲೇ ಅಷ್ಟು ಬೇಗ ಸಾಗುತ್ತದೆ. ಕವಚವಿಲ್ಲದ ಸಣ್ಣ ತಂತುಗಳೂ ಉಂಟು. ಅಲ್ಲಿ ಒಂದೇ ಕೋಶ ಹಲವು ಎಳೆಗಳನ್ನು ತನ್ನ ಮೈಯ ತಗ್ಗುಗಳಲ್ಲಿ ಕಂಕುಳಲ್ಲಿಟ್ಟುಕೊಂಡಂತೆ ಹಿಡಿದಿರುತ್ತದೆ, ಸುತ್ತುವುದಿಲ್ಲ. ಪ್ರತಿ ತಂತುವಿನ ಸುತ್ತ ಎಂಡೋನ್ಯೂರಿಯಂ ಎಂಬ ಅತಿ ನವಿರಾದ ಎಳೆಗಳ ಹೊದಿಕೆ. ಅದಕ್ಕೆ ಗುಬ್ಬಚ್ಚಿಯೇ ಹಿಂಜಿದ ಹತ್ತಿಯಲ್ಲಿ ಎಲ್ಲಕ್ಕಿಂತ ಮೆತ್ತನೆಯದನ್ನು ಆರಿಸಿದಳು. ಹೀಗೆ ಹಲವು ತಂತುಗಳು ಸೇರಿ ಒಂದು ಕಂತೆ. ಕಂತೆಯ ಸುತ್ತ ಪೆರಿನ್ಯೂರಿಯಂ.

"ಇದು ಬಿಗಿಯಾಗಿರಬೇಕು," ಎಂದರು ಮೇಡಂ. "ಚಪ್ಪಟೆ ಕೋಶಗಳು ಒಂದಕ್ಕೊಂದು ಅಂಟಿಕೊಂಡು, ಪದರದ ಮೇಲೆ ಪದರ. ಹೊರಗಿನ ದ್ರವ ಒಳಗೆ ನುಸುಳಬಾರದು. ಕಾವಲು ಇದ್ದ ಹಾಗೆ."

"ಮಳೆಕೋಟು," ಎಂದಳು ಚಿಕ್ಕಮ್ಮ, ಹಳೆಯ ಮಳೆಕೋಟೊಂದನ್ನು ಹುಡುಕಿ ತಂದು ಉದ್ದುದ್ದಕ್ಕೆ ಸೀಳಿದಳು. ಮೂರು ಪದರ ಹಾಕಿ, ಹೊಲಿಗೆ ಕಾಣದ ಹಾಗೆ ಮಡಿಸಿ ಹೊಲಿದಳು. ಎಲ್ಲ ಕಂತೆಗಳನ್ನೂ ಒಟ್ಟುಗೂಡಿಸುವ ಹೊರಗಿನ ಎಪಿನ್ಯೂರಿಯಂಗೆ ಗೋಣಿತಟ್ಟು, ಒರಟು ಹತ್ತಿ, ಕೊಬ್ಬಿಗೆಂದು ಸ್ಪಂಜಿನ ಚೂರುಗಳು, ರಕ್ತನಾಳಗಳಿಗೆಂದು ರಬ್ಬರ್ ಕೊಳವೆಗಳು. ಕಂತೆಗಳ ನಡುವಿನ ಸಂದುಗಳಿಗೂ ಅದನ್ನೇ ತುರುಕಬೇಕಾಯಿತು. ಮಾರುವುದಕ್ಕೆ ತಯಾರಿಸುವ ಹಾಸಿಗೆಗೂ ಚಿಕ್ಕಮ್ಮ ಇಷ್ಟು ಮುತುವರ್ಜಿ ವಹಿಸಿದ್ದು ಗುಬ್ಬಚ್ಚಿಗೆ ನೆನಪಿರಲಿಲ್ಲ.

ತೊಡಕು ಎದುರಾದದ್ದು ಮೈಲಿನ್ ಸುತ್ತುವಾಗ. ಶ್ವಾನ್ ಕೋಶಕ್ಕೆಂದು ಅವರು ಉದ್ದನೆಯ ದಿಂಬಿನ ಕವರಿನಂಥ ಚಪ್ಪಟೆ ಚೀಲ ಹೊಲಿದಿದ್ದರು. ಒಂದು ತುದಿಯಲ್ಲಿ ಕೋಶಕೇಂದ್ರವೆಂದು ಒಂದು ದೊಡ್ಡ ಮಣಿ. "ಹಗ್ಗಕ್ಕೆ ಒಂದು ಅಂಚು ಹಚ್ಚಿ ಸುತ್ತುತ್ತಾ ಹೋಗು," ಎಂದರು ಮೇಡಂ. "ತರಗತೀಲಿ ನಾನು ಹೇಳೋದೂ ಹೀಗೇ. ಬ್ಯಾಂಡೇಜ್ ಸುತ್ತಿದ ಹಾಗೆ. ಸುತ್ತುತ್ತಾ ಹೋದಂಗೆ ಒಳಗಿನ ರಸ ಹಿಂಡಿಹೋಗಿ ಬರೀ ಪೊರೆಗಳು ಒತ್ತೊತ್ತಾಗಿ ಉಳಿಯುತ್ತೆ. ಕೋಶಕೇಂದ್ರ ಕೊನೆಗೆ ಹೊರಗಡೆ ಕೂರುತ್ತೆ."

ಗುಬ್ಬಚ್ಚಿ ಸುತ್ತಿದಳು. ಚೆನ್ನಾಗಿಯೇ ಬಂತು. ಆಮೇಲೆ ಮೇಡಂ ಅದರ ಮೇಲೆ ಒಂದು ತೆಳುವಾದ ಕಾಲುಚೀಲವನ್ನು ಎಳೆದು ಹಾಕಿದರು. ಕೋಶ ತನ್ನ ಹೊರಮೈಗೆ ತಾನೇ ನೇಯ್ದುಕೊಳ್ಳುವ ತೆಳು ಹಾಳೆ ಅದು.

"ಮೇಡಂ, ನಿಜವಾದ ನರದಲ್ಲಿ ಮೊದಲು ಬರೋದು ಯಾವುದು? ಸುತ್ತೋ, ಈ ಕಾಲುಚೀಲಾನೋ?"

"ಕಾಲುಚೀಲ. ಅದು ಶುರುವಾದ ಮೇಲೇ ಕೋಶ ಸುತ್ತೋಕೆ ತೊಡಗೋದು."

ಗುಬ್ಬಚ್ಚಿಯ ಕೈಗಳು ನಿಂತವು. ಸುತ್ತಿದ್ದನ್ನೆಲ್ಲ ಬಿಚ್ಚಿದಳು. ಈ ಸಲ ಒಂದೇ ಸುತ್ತು ಹಾಕಿ ಮೊದಲು ಕಾಲುಚೀಲ ಎಳೆದಳು. ಚೀಲದೊಳಗೆ ಬೆರಳು ತೂರಿಸಿ ಹೊರಗಿನ ಅಂಚನ್ನು ಹಿಡಿದು ತಿರುಗಿಸಲು ನೋಡಿದಳು. ಬಟ್ಟೆ ಮುದ್ದೆಯಾಯಿತು. ಮತ್ತೆ ಯತ್ನಿಸಿದಳು. ಕಾಲುಚೀಲ ತಿರುಚಿಕೊಂಡಿತು.

"ಆಗಲ್ಲ ಮೇಡಂ. ಹೊರಗಡೆ ಚೀಲ ಬಿಗಿಯಾಗಿದೆ, ಅದರಾಚೆ ಹತ್ತಿ ಒತ್ತಿಕೊಂಡಿದೆ, ಪಕ್ಕದಲ್ಲಿ ಬೇರೆ ತಂತುಗಳಿವೆ. ಇಷ್ಟೆಲ್ಲ ಇರುವಾಗ ಇಡೀ ಕೋಶ ಅಷ್ಟೊಂದು ಸಲ ಪ್ರದಕ್ಷಿಣೆ ಹಾಕೋದು ಹೇಗೆ?"

ಅಂಗಡಿಯ ಹಿಂದುಗಡೆ ಹತ್ತಿ ಹಿಂಜುವ ಯಂತ್ರ ಗೊರಗೊರ ಎನ್ನುತ್ತಿತ್ತು. ಚಿಕ್ಕಮ್ಮ ತಂದಿಟ್ಟ ಕಾಫಿ ಆರಿ ತಣ್ಣಗಾಗಿತ್ತು. ಮೇಡಂ ತಿರುಚಿಕೊಂಡ ಕಾಲುಚೀಲವನ್ನು ಕೈಗೆತ್ತಿಕೊಂಡು ತಿರುಗಿಸಿ ನೋಡಿ, "ನನಗೆ ಗೊತ್ತಿಲ್ಲ ಕಣೇ. ತಿಳ್ಕೊಂಡು ಬರ್ತೀನಿ," ಎಂದರು.

ಅವರು ಹೋದ ಮೇಲೂ ಗುಬ್ಬಚ್ಚಿ ಮೇಜು ಬಿಟ್ಟು ಏಳಲಿಲ್ಲ. ಚಿಕ್ಕಮ್ಮ ಕೋಟಿನ ಒಳಬಟ್ಟೆಗೆಂದು ಇಟ್ಟಿದ್ದ ಜಾರು ಬಟ್ಟೆಯನ್ನು ತಂದುಕೊಟ್ಟಳು. ಅದನ್ನು ಹಗ್ಗಕ್ಕೆ ಒಂದೇ ಸುತ್ತು ಹಾಕಿ ಮೇಲೆ ಕಾಲುಚೀಲ ಎಳೆದು, ಹೊರಗಿನ ಅಂಚನ್ನು ಎಡಗೈಯಲ್ಲಿ ಅಲ್ಲಾಡದಂತೆ ಹಿಡಿದು, ಗುಬ್ಬಚ್ಚಿ ಹಗ್ಗಕ್ಕೆ ತಾಗಿದ್ದ ಒಳಗಿನ ಅಂಚನ್ನು ಬಲಗೈ ಹೆಬ್ಬೆರಳಿನಿಂದ ಮುಂದಕ್ಕೆ ನೂಕಿದಳು. ಅದು ಹಗ್ಗದ ಮೈಗುಂಟ ಜಾರಿ, ಮೊದಲ ಸುತ್ತಿನ ಅಡಿಗೆ ನುಗ್ಗಿತು. ಇನ್ನೂ ನೂಕಿದಳು. ಇನ್ನೊಂದು ಸುತ್ತು. ಹೊರಗಿನ ಅಂಚು ಇದ್ದಲ್ಲೇ ಇತ್ತು. ಕಾಲುಚೀಲ ತಿರುಚಿಕೊಳ್ಳಲಿಲ್ಲ.

"ಚಿಕ್ಕಮ್ಮಾ, ಇಲ್ಲಿ ಮುಟ್ಟು! ಮೇಲಿಂದ ಸುತ್ತೋದಲ್ಲ, ಅಡಿಯಿಂದ ತೂರೋದು!"

"ಆದ್ರೆ ಬಟ್ಟೆ ಸಾಲದಾಗ್ತಿದೆಯಲ್ಲೇ. ಒಳಗೆ ತೂರಿದಷ್ಟೂ ಮೇಲೆ ಬಿಗೀತಾ ಇದೆ."

"ಬಟ್ಟೆ ಬೆಳೆಯಲ್ಲ ಚಿಕ್ಕಮ್ಮ. ಕೋಶ ಬೆಳೆಯುತ್ತೆ. ಪೊರೆಗೆ ಹೊಸದು ಸೇರ್ತಾ ಸೇರ್ತಾ ಅಂಚು ಮುಂದೆ ಹೋಗುತ್ತೆ."

ಮೇಡಂ ಮೂರನೆಯ ದಿನ ಪ್ರಯೋಗಾಲಯದ ಬಾಗಿಲಲ್ಲೇ ಅವಳನ್ನು ಹಿಡಿದು ನಿಲ್ಲಿಸಿದರು. ಅವರ ಉಸಿರು ಏರಿತ್ತು. "ಓದಿದೆ ಕಣೇ. ಬೆಳೀತಿರೋ ಕೋಶಗಳನ್ನ ಗಾಜಿನ ತಟ್ಟೆಯಲ್ಲಿಟ್ಟು ಕಾದು ಕೂತು ನೋಡಿದೋರಿದ್ದಾರೆ. ಕೋಶಕೇಂದ್ರ ಒಳಗೊಳಗೇ ಜರುಗುತ್ತಂತೆ, ಅದು ಬೇರೆ ಮಾತು. ಆದ್ರೆ ಮುನ್ನುಗ್ಗೋದು—"

"ಒಳಗಿನ ಅಂಚು!"

ಮೇಡಂ ದಂಗಾದರು. "ನಿನಗ್ಯಾರು ಹೇಳಿದ್ದು?"

"ಕೈಗೆ ಗೊತ್ತಾಯ್ತು ಮೇಡಂ. ಬೇರೆ ದಾರೀನೇ ಇರ್ಲಿಲ್ಲ."

ಆವತ್ತಿನ ತರಗತಿಯಲ್ಲಿ ಮೇಡಂ ಹಲಗೆಯ ಮೇಲೆ ತಾವೇ ಹಿಂದಿನ ವಾರ ಬರೆದಿದ್ದ ಚಿತ್ರವನ್ನು ಮತ್ತೆ ಬರೆದು, ಬಾಣದ ಗುರುತನ್ನು ಹೊರಗಿನ ಅಂಚಿನಿಂದ ಅಳಿಸಿ ಒಳಗಿನ ಅಂಚಿಗೆ ಹಾಕಿದರು. "ಈ ಬಾಣವನ್ನ ತಿರುಗಿಸಿದೋಳು ಅಲ್ಲಿ ಕೂತಿದ್ದಾಳೆ," ಎಂದರು. ಅವರ ದನಿಯಲ್ಲಿ ನಾಚಿಕೆಗಿಂತ ಹಿಗ್ಗೇ ಹೆಚ್ಚಾಗಿತ್ತು.

ವರ್ಷದ ಕೊನೆಗೆ ಪರೀಕ್ಷೆ ಬಂತು. ಹೊರಗಿನಿಂದ ಬಂದ ಪರೀಕ್ಷಕರು ವಯಸ್ಸಾದವರು. ಅವರ ಕೈಯಲ್ಲಿ ಸುಲಭಕ್ಕೆ ಪಾಸಾದವರಿಲ್ಲ ಎಂಬ ಖ್ಯಾತಿ ಇತ್ತು. ಹುಡುಗರು ಅವರಿಗೆ ಹುಲಿ ಎಂದು ಹೆಸರಿಟ್ಟಿದ್ದರು. ಮೇಜಿನ ಮೇಲೆ ಮಲಗಿಸಿದ್ದ ಬಟ್ಟೆಯ ನರವನ್ನು ಅವರು ಕನ್ನಡಕದ ಮೇಲಿನಿಂದ ನೋಡಿದರು.

"ಇದನ್ನ ಮಾಡಿದ್ದು ಯಾರು?"

"ನಾನು, ಮೇಡಂ, ನಮ್ಮ ಚಿಕ್ಕಮ್ಮ, ಸರ್."

"ನೀನೇ ಮಾಡಿದ್ದನ್ನ ನೀನೇ ಹೇಳಿದ್ರೆ ಅದು ಪರೀಕ್ಷೆ ಹೇಗಾಗುತ್ತಮ್ಮ?"

ಮುಖ್ಯಸ್ಥರು ಏನೋ ಹೇಳಲು ಬಾಯಿ ತೆರೆದರು. ಅಷ್ಟರಲ್ಲಿ ಗುಬ್ಬಚ್ಚಿ, "ಹಾಗಾದ್ರೆ ಕೆಡಿಸಿಡಿ ಸರ್. ನಾನು ಹೊರಗಿರ್ತೀನಿ," ಎಂದಳು.

ಹುಲಿಯ ಹುಬ್ಬು ಮೇಲೇರಿತು. ಗುಬ್ಬಚ್ಚಿ ಕೋಲು ತಟ್ಟುತ್ತಾ ಹೊರಗೆ ಹೋದಳು. ಅವರು ಕತ್ತರಿ ಕೇಳಿದರು. ಎಪಿನ್ಯೂರಿಯಂ ಬಿಡಿಸಿ ಕಂತೆಗಳ ನಡುವೆ ಏನೇನೋ ಮಾಡಿದರು. ಕತ್ತರಿಯ ಒಂದೊಂದು ಸದ್ದಿಗೂ ಮೇಡಂಗೆ ತಮ್ಮ ಮೈಯನ್ನೇ ಕೊಯ್ದಂತಾಗುತ್ತಿತ್ತು.

ಒಳಗೆ ಬಂದ ಗುಬ್ಬಚ್ಚಿ ಆತುರಪಡಲಿಲ್ಲ. ಗೋಣಿತಟ್ಟಿನ ಹೊರಮೈ ಸವರಿದಳು, ಸ್ಪಂಜಿನ ಚೂರುಗಳ ನಡುವೆ ಬೆರಳಿಳಿಸಿ ಕಂತೆಗಳನ್ನು ಒಂದೊಂದಾಗಿ ಹಿಡಿದು ನೋಡಿದಳು. ಒಂದರ ಮೇಲೆ ಕೈ ನಿಂತಿತು.

"ಸರ್, ಇದರ ಪೆರಿನ್ಯೂರಿಯಂ ಸೀಳಿದ್ದೀರ. ಸೀಳಿದ ಕಡೆ ಒಳಗಿನದೆಲ್ಲ ಹೊರಗೆ ಉಬ್ಬಿ ಬಂದಿದೆ. ನಿಜವಾದ ನರದಲ್ಲೂ ಹೀಗೇ ಆಗುತ್ತೆ. ಕಂತೆಯೊಳಗೆ ಸ್ವಲ್ಪ ಒತ್ತಡ ಇರುತ್ತಲ್ಲ. ಇನ್ನು ಇದರ ತಂತುಗಳಿಗೆ ಕಾವಲಿಲ್ಲ. ಹೊರಗೆ ಹರಿದಾಡೋದು ಒಳಗೂ ನುಸುಳುತ್ತೆ, ತಂತುಗಳು ಕೆಡ್ತವೆ. ಎಳೆತ ತಡ್ಕೊಳ್ಳೋ ಶಕ್ತೀನೂ ಕಮ್ಮಿ ಆಯ್ತು."

"ಹೂಂ. ಅಷ್ಟೇನಾ?"

ಅವಳು ಮತ್ತೆ ಹುಡುಕಿದಳು. ಇನ್ನೊಂದು ಕಂತೆಯ ತುದಿಯಿಂದ ಹೊರಬಂದಿದ್ದ ತಂತುಗಳನ್ನು ಒಂದೊಂದೇ ಉಗುರಿನ ತುದಿಯಿಂದ ಸವರುತ್ತಾ ಬಂದಳು. ಸುತ್ತು, ಸಂದಿ, ಸುತ್ತು, ಸಂದಿ. ಒಂದು ಕಡೆ ಅವಳ ತುಟಿಯಲ್ಲಿ ನಗು ಮೂಡಿತು.

"ಇಲ್ಲಿ ಸಂದಿ ತೀರಾ ಉದ್ದ ಇದೆ. ಒಂದು ಕೋಶದ ಮೈಲಿನ್ ಪೂರ್ತಿ ತೆಗೆದುಬಿಟ್ಟಿದ್ದೀರ. ಒಳಗಿನ ಎಳೆ ಮಾತ್ರ ಗಟ್ಟಿಯಾಗಿದೆ, ತುಂಡಾಗಿಲ್ಲ. ಸಂದೇಶಕ್ಕೆ ಇಷ್ಟು ದೂರ ಜಿಗಿಯೋಕಾಗಲ್ಲ. ನಿಧಾನ ಆಗುತ್ತೆ, ಇಲ್ಲಾ ಇಲ್ಲೇ ನಿಂತುಹೋಗುತ್ತೆ. ಆದ್ರೆ ಇದು ಸರಿಹೋಗಬಹುದು ಸರ್. ಹೊಸ ಶ್ವಾನ್ ಕೋಶಗಳು ಬಂದು ಮತ್ತೆ ಸುತ್ತುತ್ತವೆ. ಮೊದಲಿನಷ್ಟು ದಪ್ಪ ಇರಲ್ಲ, ಒಂದೊಂದೂ ಮೊದಲಿಗಿಂತ ಗಿಡ್ಡ. ಆದ್ರೂ ಕೆಲಸ ನಡೆಯುತ್ತೆ."

ಹುಲಿ ಕುರ್ಚಿ ಎಳೆದುಕೊಂಡು ಅವಳೆದುರು ಕೂತರು. ಅವರ ಮಾತಿನ ಗತ್ತು ಈಗ ಬೇರೆಯಾಗಿತ್ತು. "ಮತ್ತೆ ಸುತ್ತುತ್ತವೆ ಅಂದ್ಯಲ್ಲ. ಹೇಗೆ ಸುತ್ತುತ್ತವೆ? ತೋರಿಸು."

ಗುಬ್ಬಚ್ಚಿ ಚೀಲದಿಂದ ಜಾರು ಬಟ್ಟೆಯನ್ನು ತೆಗೆದು, ಎಡಗೈಯಲ್ಲಿ ಹೊರಗಿನ ಅಂಚು ಹಿಡಿದು, ಹೆಬ್ಬೆರಳಿನಿಂದ ಒಳಗಿನ ಅಂಚನ್ನು ಹಗ್ಗದ ಸುತ್ತ ನೂಕುತ್ತಾ ಹೋದಳು. ಯಾಕೆ ಹೀಗೆ, ಯಾಕೆ ಹಾಗಲ್ಲ ಎಂದು ಕಾಲುಚೀಲ ಹಾಕಿ ತೋರಿಸಿದಳು.

"ಇದನ್ನ ಹೇಳಿಕೊಟ್ಟಿದ್ದು ನಿಮ್ಮ ಮೇಡಂ ಅಲ್ವಾ?"

"ಅಲ್ಲ ಸರ್," ಎಂದರು ಮೇಡಂ ಹಿಂದಿನಿಂದ. "ನಾನು ಉಲ್ಟಾ ಹೇಳಿಕೊಟ್ಟಿದ್ದೆ. ಸರಿ ಮಾಡ್ಕೊಂಡೋಳು ಅವಳೇ."

"ಆದ್ರೆ ಬಟ್ಟೇಲಿ ಮಾಡಿ ನೋಡೋಣ ಅಂದೋರು ಮೇಡಂ," ಎಂದಳು ಗುಬ್ಬಚ್ಚಿ. "ಅವರು ಭಾನುವಾರ ನಮ್ಮ ಅಂಗಡಿಗೆ ಬರದೇ ಇದ್ದಿದ್ರೆ ನಾನು ಇನ್ನೂ ಉಂಗುರ ಉಂಗುರ ಅಂತ ಬಾಯಿಪಾಠ ಮಾಡ್ತಾ ಇರ್ತಿದ್ದೆ."

ಹುಲಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕಣ್ಣು ಮುಚ್ಚಿದರು. ಮುಪ್ಪಿನ ಗೆರೆಗಳಿದ್ದ ಕೈಗಳನ್ನು ಚಾಚಿ ನರವನ್ನು ತಡವತೊಡಗಿದರು. ಒರಟು ಗೋಣಿ, ಸ್ಪಂಜು, ಕೊಳವೆ, ಬಿಗಿಯಾದ ಮಳೆಕೋಟು, ಅದರೊಳಗೆ ಕೈಗೆ ಸಿಕ್ಕೂ ಸಿಕ್ಕದಂಥ ಹತ್ತಿ, ಹತ್ತಿಯ ನಡುವೆ ಸುತ್ತು ಸುತ್ತಾದ ತಂತು. ಕಣ್ಣು ತೆರೆದಾಗ ಅವರು ಯಾರನ್ನೂ ನೋಡದೆ ಹೇಳಿದರು, "ಜೀವನ ಪೂರ್ತಿ ಇದನ್ನೇ ನೋಡಿದ್ದೀನಿ. ಇದು ಇಷ್ಟು ಮೆತ್ತಗಿರುತ್ತೆ ಅಂತ ಯಾವತ್ತೂ ಯೋಚನೆ ಮಾಡಿರಲಿಲ್ಲ."

ಅವಳಿಗೆ ಎಷ್ಟು ಅಂಕ ಬಂತೆಂದು ಬೇರೆ ಹೇಳಬೇಕಿಲ್ಲ. ಮುಂದಿನ ವರ್ಷದಿಂದ ಕಣ್ಣು ಚೆನ್ನಾಗಿರುವ ಮಕ್ಕಳೂ ಸೂಕ್ಷ್ಮದರ್ಶಕಕ್ಕೆ ಬಗ್ಗುವ ಮೊದಲು ಕಣ್ಣಿಗೆ ಬಟ್ಟೆ ಕಟ್ಟಿಕೊಂಡು ಆ ನರವನ್ನು ಮುಟ್ಟಬೇಕೆಂದು ಮೇಡಂ ನಿಯಮ ಮಾಡಿದರು. ಮುಖ್ಯಸ್ಥರು ಸ್ವತಃ ಅಂಗಡಿಗೆ ಹೋಗಿ ಮೂತ್ರಪಿಂಡವನ್ನೂ ಹೊಲಿದುಕೊಡಲಾದೀತೇ ಎಂದು ಕೇಳಿದರು. ಚಿಕ್ಕಮ್ಮ ಅವರು ತಂದಿದ್ದ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, "ಸ್ವಾಮಿ, ನರ ಅಂದ್ರೆ ಮರ್ಯಾದಸ್ಥ ಹಾಸಿಗೆ ಇದ್ದ ಹಾಗೆ. ಇದು ನೋಡಿದ್ರೆ ಬೆಕ್ಕು ಆಡಿಬಿಟ್ಟ ದಾರದುಂಡೆ," ಎಂದು ಕೈ ಮುಗಿದಳು. ಆದರೂ ವಾರದೊಳಗೆ ಶುರುಮಾಡಿದ್ದಳು.

ಮೂರನೆಯ ವರ್ಷದಲ್ಲಿ ಗುಬ್ಬಚ್ಚಿ ಆಸ್ಪತ್ರೆಯ ಚಿಕಿತ್ಸಾ ಕೊಠಡಿಯಲ್ಲಿ ಕೆಲಸ ಕಲಿಯಲು ತೊಡಗಿದಳು. ಅಲ್ಲಿಗೆ ಒಬ್ಬ ಬಡಗಿ ಬರುತ್ತಿದ್ದ. ದಪ್ಪನೆಯ ತೊಲೆಯೊಂದು ತೋಳಿನ ಮೇಲೆ ಬಿದ್ದು ನರ ಜಜ್ಜಿಹೋಗಿತ್ತು. ಕಿರುಬೆರಳಿಗೂ ಅದರ ಪಕ್ಕದ ಬೆರಳಿಗೂ ಸ್ಪರ್ಶವಿರಲಿಲ್ಲ. ಉಳಿ ಹಿಡಿದರೆ ಜಾರುತ್ತಿತ್ತು. ಶಸ್ತ್ರವೈದ್ಯರು ನರ ತುಂಡಾಗಿಲ್ಲ, ಹೊದಿಕೆಗಳು ಉಳಿದುಕೊಂಡಿವೆ, ಕಾಯಬೇಕು ಎಂದಿದ್ದರು. ಕಾದು ಕಾದು ಅವನಿಗೆ ಸಾಕಾಗಿತ್ತು.

"ಬಿಡಿ ಡಾಕ್ಟ್ರಮ್ಮ. ಇದು ಸತ್ತ ಕೈ."

"ನಾನಿನ್ನೂ ಡಾಕ್ಟ್ರಮ್ಮ ಆಗಿಲ್ಲಣ್ಣ. ಕೈ ಕೊಡಿ ಇಲ್ಲಿ."

ಅವಳು ಅವನಿಗೆ ಹೇಳಿದಳು. ಪೆಟ್ಟು ಬಿದ್ದ ಕಡೆಯಿಂದ ಕೆಳಗಿನ ಎಳೆಗಳು ಸಾಯುತ್ತವೆ, ನಿಜ. ಆದರೆ ಅವುಗಳ ಮನೆ ಖಾಲಿಯಾಗಿ ನಿಂತಿರುತ್ತದೆ, ಕುಸಿಯುವುದಿಲ್ಲ. ಶ್ವಾನ್ ಕೋಶಗಳು ಆ ಕೊಳವೆಯೊಳಗೆ ಸಾಲುಗಟ್ಟಿ ದಾರಿ ಕಾಯುತ್ತವೆ. ಮೇಲಿನಿಂದ ಹೊಸ ಎಳೆ ಅದೇ ದಾರಿ ಹಿಡಿದು ದಿನಕ್ಕೆ ಒಂದು ಮಿಲಿಮೀಟರಿನ ಲೆಕ್ಕದಲ್ಲಿ ಇಳಿಯುತ್ತದೆ. ಇಳಿದ ಹಾಗೆ ಕೋಶಗಳು ಅದನ್ನು ಮತ್ತೆ ಸುತ್ತುತ್ತವೆ.

ಬಡಗಿ ನಂಬಲಿಲ್ಲ. "ಕಣ್ಣಿಗೆ ಕಾಣದ್ದನ್ನ ಹೇಗೆ ನಂಬೋದು?"

ಗುಬ್ಬಚ್ಚಿ ಅವನ ಅಂಗೈಯ ಕಡೆಯಿಂದ ಶುರುಮಾಡಿ, ಮುಂಗೈಯ ಒಳಬದಿಯಲ್ಲಿ ನರದ ದಾರಿಗುಂಟ ಬೆರಳ ತುದಿಯಿಂದ ಮೃದುವಾಗಿ ತಟ್ಟುತ್ತಾ ಮೇಲಕ್ಕೆ ಹೋದಳು. ಏನೂ ಇಲ್ಲ. ಇನ್ನೂ ಮೇಲೆ. ಏನೂ ಇಲ್ಲ. ಮೊಣಕೈಗೂ ಮಣಿಕಟ್ಟಿಗೂ ನಡುವೆ ಒಂದು ಕಡೆ ತಟ್ಟಿದಾಗ ಬಡಗಿ ಥಟ್ಟನೆ ಕೈ ಎಳೆದುಕೊಂಡ.

"ಅಯ್ಯೋ! ಕಿರುಬೆರಳಲ್ಲಿ ಜುಮ್ ಅಂತು!"

"ಹೊಸ ಎಳೆಯ ತುದಿ ಈಗ ಇಲ್ಲಿದೆ," ಎಂದು ಅವಳು ಆ ಜಾಗದ ಮೇಲೆ ಬೆರಳಿಟ್ಟಳು. "ಹೋದ ತಿಂಗಳು ಡಾಕ್ಟ್ರು ತಟ್ಟಿದಾಗ ಜುಮ್ ಅಂದಿದ್ದು ಇಲ್ಲಿ." ಇನ್ನೊಂದು ಬೆರಳನ್ನು ಮೊಣಕೈಯ ಕಡೆಗೆ ತುಸು ಮೇಲೆ ಇಟ್ಟಳು. ಎರಡು ಬೆರಳುಗಳ ನಡುವೆ ಅವನ ಹೆಬ್ಬೆರಳಿನ ಅಗಲದಷ್ಟು ಅಂತರವಿತ್ತು.

ಬಡಗಿ ಆ ಅಂತರವನ್ನೇ ನೋಡಿದ. ಇಡೀ ಆಯುಷ್ಯ ಅಳತೆ ಹಿಡಿದು ಬದುಕಿದವನು ಅವನು. ಮುಂಗೈಯನ್ನು ಮತ್ತೆ ಅವಳ ಮುಂದೆ ಚಾಚಿ, "ಇನ್ನೊಂದು ಸಲ ತಟ್ಟಿ ನೋಡಮ್ಮ," ಎಂದ.